‘ಮಾತಾಡಿಕೊಂಡಂತೆ’ ಎಂದು ಬರೆದರೆ ಸಾಲದು: ಕೆಲಸ ಒಪ್ಪುವ ಮೇಲ್‌ನಲ್ಲಿ ಸಂಬಳದ ಒಂದೊಂದು ಬಾಬ್ತು

(ಕೆಲಸ ಬದಲಿಸಲು ಹೊರಟವರಿಗಾಗಿ ಉಡುಪಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸಂಬಳ ಹೆಚ್ಚು ಕೇಳುವುದು ಹೇಗೆ ಎಂಬುದರ ಬಗ್ಗೆ ಇವತ್ತು ನಾನು ಮಾತಾಡುವುದಿಲ್ಲ. ಕೇಳಿ ಆಯಿತು, ಅವರು ಒಪ್ಪಿಯೂ ಆಯಿತು, ಫೋನ್ ಇಟ್ಟೂ ಆಯಿತು ಎಂದುಕೊಳ್ಳಿ. ಅಲ್ಲಿಂದ ಹಳೆಯ ಕಂಪನಿಗೆ ರಾಜೀನಾಮೆ ಕೊಡುವವರೆಗೆ ಮೂರು ನಾಲ್ಕು ದಿನ ಇರುತ್ತವಲ್ಲ, ಆ ದಿನಗಳಲ್ಲಿ ನೀವು ಬರೆಯುವ ಮೇಲ್ ಇವತ್ತಿನ ವಿಷಯ.

ಹೆಚ್ಚಿನವರು ಬರೆಯುವುದು ಹೀಗೆ: ‘ಆಫರ್‌ಗೆ ಧನ್ಯವಾದಗಳು. ನಾವು ಮಾತಾಡಿಕೊಂಡಂತೆ ಒಪ್ಪಿದ್ದೇನೆ. ಅಕ್ಟೋಬರ್ 6ಕ್ಕೆ ಸೇರುತ್ತೇನೆ.’ ಓದಲು ವಿನಯವಾಗಿದೆ, ಆದರೆ ಮಾತಾಡಿಕೊಂಡದ್ದು ಏನು ಎಂಬುದೇ ಅದರಲ್ಲಿಲ್ಲ. ನಿಮ್ಮ ಜೊತೆ ಫೋನಿನಲ್ಲಿ ಮಾತಾಡಿದವರು ನೇಮಕಾತಿ ವಿಭಾಗದವರು. ಸಂಬಳ ಮಾಡುವವರು ಬೇರೆ, ಅವರು ಆ ಫೋನ್ ಕೇಳಿಲ್ಲ. ಅವರ ಮುಂದಿರುವುದು ಒಂದು ಕಾಗದ, ಅದರಲ್ಲಿರುವ ಅಂಕಿಗಳನ್ನೇ ಪೇರೋಲ್ ಸಾಫ್ಟ್‌ವೇರಿಗೆ ತುಂಬುತ್ತಾರೆ. ಆ ಕಾಗದ ಮಾತುಕತೆಗೆ ಮುಂಚಿನ ಆಫರ್ ಲೆಟರ್ ಆಗಿದ್ದರೆ ಹಳೆಯ ಸಂಬಳವೇ ಬರುತ್ತದೆ. ಯಾರೂ ಮೋಸ ಮಾಡಿರುವುದಿಲ್ಲ. ಮಾತು ಕಾಗದಕ್ಕೆ ಇಳಿದಿರುವುದಿಲ್ಲ, ಅಷ್ಟೆ. ಮಾತು ಕೊಟ್ಟವರು ಅಷ್ಟರಲ್ಲಿ ಕಂಪನಿ ಬಿಟ್ಟಿದ್ದರಂತೂ ಕೇಳಲು ಜನವೂ ಇಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ಹಿಡಿದು ಹೋಗೋಣ. ಉಡುಪಿಯ ಸ್ವಂತ ಮನೆಯಲ್ಲಿರುವ ಒಬ್ಬಳು ಯುವತಿ, ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಆರು ವರ್ಷದ ಅನುಭವ. ಮಂಗಳೂರಿನ ಕಚೇರಿಯೊಂದರಿಂದ ವರ್ಷಕ್ಕೆ 9,60,000 ರೂಪಾಯಿ ಸಿಟಿಸಿಯ, ಅಂದರೆ ಅವಳಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನ, ಆಫರ್ ಲೆಟರ್ ಬಂದಿದೆ. ಅವಳು ಹೆಚ್ಚು ಕೇಳಿದಳು. ಆಗಸ್ಟ್ 3ರಂದು ಎಚ್‌ಆರ್ ಮೇಡಂ ಫೋನ್ ಮಾಡಿ, ‘ಸರಿ, ಹತ್ತು ಎಂಬತ್ತಕ್ಕೆ ಮಾಡೋಣ, ಜಾಯ್ನಿಂಗ್ ಬೋನಸ್ ಅರವತ್ತು ಸಾವಿರ ಕೊಡ್ತೇವೆ, ನೋಟಿಸ್ ಬೈಔಟ್ ಕೂಡ ನೋಡ್ಕೊಳ್ತೇವೆ’ ಎಂದರು. ಅವಳು ‘ಆಯ್ತು ಮೇಡಂ’ ಎಂದಳು.

ಈ ಒಂದು ವಾಕ್ಯದಲ್ಲಿ ಎಷ್ಟು ಪ್ರಶ್ನೆಗಳಿವೆ ನೋಡಿ. ಹತ್ತು ಎಂಬತ್ತರ ಒಳಗೆ ಜಾಯ್ನಿಂಗ್ ಬೋನಸ್ ಸೇರಿದೆಯೋ, ಹೊರಗಿದೆಯೋ? ವೇರಿಯಬಲ್ ಎಷ್ಟು? ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ ಇದರೊಳಗೋ? ‘ನೋಡ್ಕೊಳ್ತೇವೆ’ ಎಂದರೆ ನೋಟಿಸ್ ಮುಗಿಸದೆ ಬಿಟ್ಟದ್ದಕ್ಕೆ ಹಳೆಯ ಕಂಪನಿ ಹಿಡಿಯುವ ಪೂರ್ತಿ ಹಣವೋ, ಒಂದು ಮಿತಿಯವರೆಗೋ? ಫೋನಿನಲ್ಲಿ ಇದನ್ನೆಲ್ಲ ಕೇಳಲು ಸಂಕೋಚವಾಗುತ್ತದೆ, ಅದು ಸಹಜ. ಮೇಲ್‌ನಲ್ಲಿ ಕೇಳಲು ಸಂಕೋಚ ಬೇಡ. ಪ್ರತಿ ಬಾಬ್ತನ್ನೂ ಬರೆದು ‘ಸರಿ ಇದೆಯೇ’ ಎಂದು ಕೇಳುವುದು ಎಚ್‌ಆರ್‌ನವರಿಗೂ ಉಪಕಾರವೇ. ಅವರೂ ಅದನ್ನೇ ಮೇಲಿನವರ ಮಂಜೂರಾತಿಗೆ ಕಳಿಸಬಹುದು.

ಮೊದಲು ಲೆಕ್ಕ ಹಾಕೋಣ. 10,80,000ವನ್ನು 12ರಿಂದ ಭಾಗಿಸಿದರೆ 90,000. ಮನೆಯಲ್ಲಿ ಅಮ್ಮನಿಗೆ ಹೇಳುವುದು ಈ ಅಂಕಿಯನ್ನೇ. ಈಗ ಬಾಬ್ತುಗಳನ್ನು ಬಿಡಿಸಿ ನೋಡಿ. ಬೇಸಿಕ್ ತಿಂಗಳಿಗೆ 45,000, ವರ್ಷಕ್ಕೆ 5,40,000. ಎಚ್‌ಆರ್‌ಎ ತಿಂಗಳಿಗೆ 18,000, ವರ್ಷಕ್ಕೆ 2,16,000. ಸ್ಪೆಷಲ್ ಅಲೋವೆನ್ಸ್ ತಿಂಗಳಿಗೆ 14,036.50, ವರ್ಷಕ್ಕೆ 1,68,438. ಕಂಪನಿಯ ಪಾಲಿನ ಪಿಎಫ್ ತಿಂಗಳಿಗೆ 1,800ರಂತೆ 21,600. ಗ್ರಾಚ್ಯುಟಿಗೆಂದು ಬೇಸಿಕ್‌ನ ಸುಮಾರು 4.81 ಶೇಕಡಾ, ಸರಿಯಾಗಿ ಹೇಳಿದರೆ ತಿಂಗಳ ಬೇಸಿಕ್‌ನ 26ರಲ್ಲಿ 15 ಪಾಲು, ಅಂದರೆ 25,962. ವೇರಿಯಬಲ್ ಹತ್ತು ಶೇಕಡಾ, 1,08,000. ಕೂಡಿಸಿದರೆ ಸರಿಯಾಗಿ 10,80,000.

ಇದರಲ್ಲಿ ತಿಂಗಳ ಪೇಸ್ಲಿಪ್‌ನಲ್ಲಿ ಗ್ರಾಸ್ ಎಂದು ಕಾಣುವುದು ಮೊದಲ ಮೂರು ಬಾಬ್ತು ಮಾತ್ರ, 77,036.50. ಅದರಿಂದ ಅವಳ ಪಾಲಿನ ಪಿಎಫ್ 1,800, ಕರ್ನಾಟಕದ ವೃತ್ತಿ ತೆರಿಗೆ 200 ಹೋಗುತ್ತದೆ. ಆದಾಯ ತೆರಿಗೆ ಹೊಸ ಪದ್ಧತಿಯಲ್ಲಿ, 2025-26ರ ಲೆಕ್ಕದಂತೆ, ಇಡೀ ವರ್ಷ ಇದೇ ಸಂಬಳವಾದರೆ ಬರುವುದಿಲ್ಲ. 75,000 ಸ್ಟಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ 12 ಲಕ್ಷದೊಳಗಿನ ಆದಾಯಕ್ಕೆ ರಿಯಾಯಿತಿ ಇದೆ. ಹಾಗಾದರೆ ಬ್ಯಾಂಕಿಗೆ ಬೀಳುವುದು 75,036.50. ಮನೆಯಲ್ಲಿ ಹೇಳಿದ 90,000ಕ್ಕೂ ಇದಕ್ಕೂ ಹತ್ತಿರ ಹತ್ತಿರ 15,000 ರೂಪಾಯಿ ಅಂತರ. ಇದು ಯಾರೂ ಕದ್ದ ಹಣವಲ್ಲ. 9,000 ವೇರಿಯಬಲ್‌ನಲ್ಲಿ, 3,600 ಪಿಎಫ್‌ನಲ್ಲಿ, ಎರಡು ಸಾವಿರದ ಚಿಲ್ಲರೆ ಗ್ರಾಚ್ಯುಟಿಯಲ್ಲಿ, 200 ಸರಕಾರಕ್ಕೆ. ಈ ಅಂತರ ಸೇರುವ ಮುಂಚೆ ಗೊತ್ತಿರಬೇಕು, ಮೊದಲ ಸಂಬಳದ ದಿನ ಗೊತ್ತಾಗಬಾರದು.

ಎಲ್ಲ ಬಾಬ್ತಿಗೂ ಸಮನಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎಚ್‌ಆರ್‌ಎ ಹೆಚ್ಚು ಮಾಡಿಸಬೇಕು ಎಂದು ಹಟ ಹಿಡಿಯುವವರಿದ್ದಾರೆ. ಬಾಡಿಗೆ ಕಟ್ಟುವವರಿಗೆ, ಅದೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಅದರಿಂದ ತೆರಿಗೆಯ ಲಾಭ. ಸ್ವಂತ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ನಮ್ಮ ಹುಡುಗಿಗೆ ಎಚ್‌ಆರ್‌ಎಯೂ ಒಂದೇ, ಸ್ಪೆಷಲ್ ಅಲೋವೆನ್ಸೂ ಒಂದೇ. ಬೇಸಿಕ್ ಹಾಗಲ್ಲ. ಪಿಎಫ್, ಗ್ರಾಚ್ಯುಟಿ, ಎಷ್ಟೋ ಕಂಪನಿಗಳಲ್ಲಿ ರಜೆ ನಗದೀಕರಣ ಕೂಡ ಅದನ್ನು ಹಿಡಿದು ನಡೆಯುತ್ತವೆ. 2025ರ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ‘ವೇತನ’ ಎಂಬುದರ ವ್ಯಾಖ್ಯೆಯೇ ಬದಲಾಗಿದೆ. ಆದ್ದರಿಂದ ನಿಮಗೆ ಕಳಿಸಿದ ಶೀಟ್ ಹಳೆಯ ಮಾದರಿಯದೋ, ಹೊಸ ವ್ಯಾಖ್ಯೆಯಂತೆ ಮಾಡಿದ್ದೋ ಎಂದು ಒಂದು ಸಾಲು ಕೇಳಿಡುವುದು ಒಳ್ಳೆಯದು.

ಪಿಎಫ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಪಿಎಫ್ 12 ಶೇಕಡಾ ಎಂದು ಎಲ್ಲರಿಗೂ ಗೊತ್ತು. ಯಾವುದರ 12 ಶೇಕಡಾ ಎಂಬುದು ಪ್ರಶ್ನೆ. 15,000 ರೂಪಾಯಿಯ ಮಿತಿಯ ಮೇಲೆ ಕಟ್ಟಿದರೆ 1,800. ಪೂರ್ತಿ ಬೇಸಿಕ್ 45,000ದ ಮೇಲೆ ಕಟ್ಟಿದರೆ 5,400. ಎರಡೂ ನ್ಯಾಯಸಮ್ಮತ, ಎರಡೂ ಚಾಲ್ತಿಯಲ್ಲಿವೆ. ಆದರೆ ಸಿಟಿಸಿ 10,80,000ಕ್ಕೇ ನಿಂತಿರುವಾಗ ಕಂಪನಿಯ ಪಾಲು 3,600 ಏರಿದರೆ ಸ್ಪೆಷಲ್ ಅಲೋವೆನ್ಸ್ ಅಷ್ಟೇ ಇಳಿಯುತ್ತದೆ. ಅವಳ ಪಾಲೂ 3,600 ಏರುತ್ತದೆ. ಕೈಗೆ ಬರುವುದರಲ್ಲಿ ತಿಂಗಳಿಗೆ 7,200 ಕಡಿಮೆ, 75,036.50 ಇದ್ದದ್ದು 67,836.50 ಆಗುತ್ತದೆ. ಹಣ ಅವಳ ಪಿಎಫ್ ಖಾತೆಯಲ್ಲೇ ಇರುತ್ತದೆ, ನಿಜ. ಆದರೆ ಮನೆಸಾಲದ ಕಂತು ಕಟ್ಟಬೇಕಾದವಳಿಗೆ ಅದು ಐದನೇ ತಾರೀಕಿಗೆ ಸಿಗುವುದಿಲ್ಲ. ಆದ್ದರಿಂದ ಮೇಲ್‌ನಲ್ಲಿ ‘ಪಿಎಫ್ ನಿಯಮದಂತೆ’ ಎಂದು ಬರೆಯಬೇಡಿ, ‘ತಿಂಗಳಿಗೆ 1,800, ಮಿತಿಯ ಮೇಲೆ’ ಎಂದು ಬರೆಯಿರಿ.

ಇನ್ನು ವೇರಿಯಬಲ್. ಹೆಚ್ಚು ಹಣ ಸೋರುವುದು ಇಲ್ಲಿಯೇ. ‘ಸಾಮಾನ್ಯವಾಗಿ ಎಲ್ಲರಿಗೂ ನೂರು ಪರ್ಸೆಂಟ್ ಸಿಗ್ತದೆ’ ಎಂದು ಫೋನಿನಲ್ಲಿ ಹೇಳುತ್ತಾರೆ. ಅದು ಭರವಸೆಯಲ್ಲ, ಅನುಭವದ ಮಾತು. ಅದನ್ನು ಮೇಲ್‌ನಲ್ಲಿ ಭರವಸೆಯೆಂದು ಬರೆದರೆ ಅವರು ತಿದ್ದುತ್ತಾರೆ, ತಿದ್ದಲೂಬೇಕು. ನೀವು ಬರೆದು ಗಟ್ಟಿ ಮಾಡಿಕೊಳ್ಳಬಹುದಾದದ್ದು ಬೇರೆ: ಯಾವ ತಿಂಗಳಿನಲ್ಲಿ ಕೊಡುತ್ತಾರೆ, ವರ್ಷದ ನಡುವೆ ಸೇರಿದವರಿಗೆ ದಿನದ ಲೆಕ್ಕದಲ್ಲಿ ಉಂಟೋ ಇಲ್ಲವೋ, ಕೊಡುವ ದಿನ ನೌಕರಿಯಲ್ಲಿ ಇರಲೇಬೇಕೋ. ಸೆಪ್ಟೆಂಬರ್ 30ರೊಳಗೆ ಸೇರಿದವರಿಗೆ ಮಾತ್ರ ಆ ಆರ್ಥಿಕ ವರ್ಷದ ವೇರಿಯಬಲ್ ಎಂದು ಕಂಪನಿಯ ಪಾಲಿಸಿಯಲ್ಲಿ ಇದೆ ಎಂದುಕೊಳ್ಳಿ. ನಮ್ಮ ಹುಡುಗಿ ಸೇರುವುದು ಅಕ್ಟೋಬರ್ 6ಕ್ಕೆ. ಆರು ದಿನದ ತಡಕ್ಕೆ ಮಾರ್ಚ್ 31ರವರೆಗಿನ 177 ದಿನಗಳ ಪಾಲು, ಸುಮಾರು 52,000 ರೂಪಾಯಿ, ಇಲ್ಲವಾಗುತ್ತದೆ. ಅವಳು ಇದನ್ನು ಕೇಳಿ, ‘ನಿಮಗೆ ದಿನದ ಲೆಕ್ಕದಲ್ಲಿ ಕೊಡ್ತೇವೆ’ ಎಂದು ಅವರು ಒಪ್ಪಿದ್ದರೆ ಆ ಸಾಲು ಮೇಲ್‌ನಲ್ಲಿ ಇರಲೇಬೇಕು. ಇದು ಪಾಲಿಸಿಗೆ ಹೊರತಾದ ಒಪ್ಪಂದ. ಬರಹದಲ್ಲಿ ಇಲ್ಲದಿದ್ದರೆ ಪಾಲಿಸಿಯೇ ಗೆಲ್ಲುತ್ತದೆ.

ಜಾಯ್ನಿಂಗ್ ಬೋನಸ್‌ಗೆ ಮೂರು ಸಂಗತಿ ಸಾಕು: ಸಿಟಿಸಿಯ ಹೊರಗೆ ಎಂಬುದು, ಯಾವ ತಿಂಗಳ ಸಂಬಳದ ಜೊತೆ ಬರುತ್ತದೆ ಎಂಬುದು, ಬೇಗ ಬಿಟ್ಟರೆ ಎಷ್ಟು ವಾಪಸು ಕೊಡಬೇಕು ಎಂಬುದು. ಕೊನೆಯದನ್ನೇ ಜನ ಬಿಡುವುದು. ‘12 ತಿಂಗಳೊಳಗೆ ಬಿಟ್ಟರೆ ವಾಪಸು’ ಎಂದಷ್ಟೇ ಇದ್ದರೆ ಒಂಬತ್ತು ತಿಂಗಳು ದುಡಿದು ಬಿಟ್ಟವರೂ ಪೂರ್ತಿ 60,000 ಕೊಡಬೇಕು. ‘ಉಳಿದ ತಿಂಗಳುಗಳ ಪ್ರಮಾಣದಲ್ಲಿ’ ಎಂಬ ಮಾತು ಸೇರಿದರೆ ಕೊಡಬೇಕಾದದ್ದು 15,000. ಕಂಪನಿಯೇ ಕೆಲಸದಿಂದ ತೆಗೆದರೆ ವಾಪಸಾತಿ ಇಲ್ಲ ಎಂಬುದನ್ನೂ ಸೇರಿಸಿ ಕೇಳಿ, ಹೆಚ್ಚಿನವರು ಒಪ್ಪುತ್ತಾರೆ. ನೋಟಿಸ್ ಬೈಔಟ್‌ಗೆ ಮಿತಿ ಮತ್ತು ದಾಖಲೆ ಬರೆಯಿರಿ. ಅವಳ ನೋಟಿಸ್ 90 ದಿನ. ಆಗಸ್ಟ್ 7ರಂದು ರಾಜೀನಾಮೆ ಕೊಟ್ಟು ಅಕ್ಟೋಬರ್ 5ರವರೆಗೆ ದುಡಿದರೆ 60 ದಿನ ಆಗುತ್ತದೆ, ಉಳಿದ 30 ದಿನದ ಹಣವನ್ನು ಹಳೆಯ ಕಂಪನಿ ಹಿಡಿದುಕೊಳ್ಳುತ್ತದೆ. ಬೇಸಿಕ್ ಮೇಲೆ ಹಿಡಿಯುತ್ತಾರೋ ಗ್ರಾಸ್ ಮೇಲೋ ಎಂಬುದು ಹಳೆಯ ನೇಮಕಾತಿ ಪತ್ರದಲ್ಲಿದೆ, ಅದನ್ನು ತೆಗೆದು ನೋಡಿಯೇ ಮಿತಿ ಕೇಳಿ.

ಈಗ ಕ್ರಮದ ವಿಷಯ. 1872ರ ಭಾರತೀಯ ಕರಾರು ಕಾಯಿದೆಯ 7ನೇ ಕಲಂ ಪ್ರಕಾರ ಒಪ್ಪಿಗೆ ಎಂದರೆ ಪೂರ್ಣವಾಗಿರಬೇಕು, ಷರತ್ತಿಲ್ಲದೆ ಇರಬೇಕು. 9,60,000ದ ಪತ್ರ ಕೈಯಲ್ಲಿಟ್ಟುಕೊಂಡು ‘10,80,000 ಆದರೆ ಒಪ್ಪಿದ್ದೇನೆ’ ಎಂದು ಬರೆದರೆ ಅದು ಒಪ್ಪಿಗೆಯಲ್ಲ, ನಿಮ್ಮ ಕಡೆಯ ಹೊಸ ಪ್ರಸ್ತಾಪ. ಅವರು ಅದಕ್ಕೆ ‘ಹೌದು’ ಎನ್ನುವವರೆಗೆ ಏನೂ ಕೂಡಿಬಂದಿಲ್ಲ. ಹಾಗಾಗಿ ಈ ಕೆಲಸಕ್ಕೆ ಒಂದು ಮೇಲ್ ಸಾಲದು, ಎರಡು ಬೇಕು. ಮೊದಲನೆಯದು ಫೋನ್ ಮುಗಿದ ದಿನವೇ, ಮಾತಾಡಿದ್ದನ್ನು ಬಾಬ್ತು ಬಾಬ್ತಾಗಿ ಬರೆದು ತಿದ್ದಿದ ಆಫರ್ ಲೆಟರ್ ಕೇಳುವುದು. ಎರಡನೆಯದು ಆ ಪತ್ರ ಬಂದ ಮೇಲೆ, ಅದರ ತಾರೀಕು ಹೇಳಿ ಒಪ್ಪುವುದು. ರಾಜೀನಾಮೆ ಎರಡನೆಯದರ ನಂತರ. ಮೊದಲನೆಯದು ಹೀಗಿರಲಿ. ಇಂಗ್ಲಿಷಿನಲ್ಲಿ ಬರೆಯುವುದಾದರೂ ಇದೇ ಕ್ರಮ.

> ವಿಷಯ: ಸೀನಿಯರ್ ಟೆಸ್ಟ್ ಎಂಜಿನಿಯರ್ ಹುದ್ದೆ – ಆಗಸ್ಟ್ 3ರಂದು ಒಪ್ಪಿದ ಸಂಬಳದ ವಿವರ, ತಿದ್ದಿದ ಆಫರ್ ಲೆಟರ್‌ಗೆ ಕೋರಿಕೆ
>
> ನಮಸ್ಕಾರ ಮೇಡಂ,
>
> ಇಂದು ಬೆಳಿಗ್ಗೆ ಫೋನಿನಲ್ಲಿ ಮಾತಾಡಿದ್ದಕ್ಕೆ ಧನ್ಯವಾದಗಳು. ಈ ಕೆಲಸಕ್ಕೆ ಸೇರಲು ನನಗೆ ಸಂತೋಷವಿದೆ. ನಾವು ಒಪ್ಪಿದ್ದು ಎಂದು ನಾನು ತಿಳಿದಿರುವುದನ್ನು ಕೆಳಗೆ ಬರೆದಿದ್ದೇನೆ.
>
> ಕೆಲಸದ ಸ್ಥಳ ಮಂಗಳೂರು ಕಚೇರಿ. ಸೇರುವ ದಿನ ಅಕ್ಟೋಬರ್ 6.
>
> ಒಟ್ಟು ಸಿಟಿಸಿ ವರ್ಷಕ್ಕೆ 10,80,000 ರೂಪಾಯಿ. ಇದರಲ್ಲಿ ಬೇಸಿಕ್ 5,40,000, ಎಚ್‌ಆರ್‌ಎ 2,16,000, ಸ್ಪೆಷಲ್ ಅಲೋವೆನ್ಸ್ 1,68,438, ಕಂಪನಿಯ ಪಾಲಿನ ಪಿಎಫ್ 21,600 (15,000ದ ಮಿತಿಯ ಮೇಲೆ, ತಿಂಗಳಿಗೆ 1,800), ಗ್ರಾಚ್ಯುಟಿ 25,962, ವೇರಿಯಬಲ್ 1,08,000. ತಿಂಗಳ ಗ್ರಾಸ್ 77,036.50.
>
> ವೇರಿಯಬಲ್ ಪ್ರತಿವರ್ಷ ಏಪ್ರಿಲ್ ಸಂಬಳದೊಂದಿಗೆ. ಈ ಆರ್ಥಿಕ ವರ್ಷಕ್ಕೆ ಸೇರಿದ ದಿನದಿಂದ ಮಾರ್ಚ್ 31ರವರೆಗೆ ದಿನದ ಲೆಕ್ಕದಲ್ಲಿ ನಾನು ಅರ್ಹಳು.
>
> ಸಿಟಿಸಿಯ ಹೊರಗೆ: ಜಾಯ್ನಿಂಗ್ ಬೋನಸ್ 60,000, ಮೊದಲ ತಿಂಗಳ ಸಂಬಳದೊಂದಿಗೆ. 12 ತಿಂಗಳೊಳಗೆ ನಾನಾಗಿ ಬಿಟ್ಟರೆ ಉಳಿದ ತಿಂಗಳುಗಳ ಪ್ರಮಾಣದಲ್ಲಿ ವಾಪಸು. ನೋಟಿಸ್ ಬೈಔಟ್ 45,000ದವರೆಗೆ, ಹಳೆಯ ಕಂಪನಿಯ ಅಂತಿಮ ಲೆಕ್ಕದ ಪತ್ರ ಕೊಟ್ಟ ಮುಂದಿನ ಸಂಬಳದಲ್ಲಿ. ಆರೋಗ್ಯ ವಿಮೆಯ ಕಂತು ಕಂಪನಿಯದು.
>
> ಇದರಲ್ಲಿ ಯಾವುದಾದರೂ ತಪ್ಪಿದ್ದರೆ ದಯವಿಟ್ಟು ತಿದ್ದಿ ತಿಳಿಸಿ. ಸರಿ ಇದ್ದರೆ ಈ ಮೇಲ್‌ಗೆ ಉತ್ತರವಾಗಿ ಖಚಿತಪಡಿಸಿ, ಇದೇ ಅಂಕಿಗಳಿರುವ ಆಫರ್ ಲೆಟರ್ ಕಳಿಸಿಕೊಡಿ. ಅದು ಬಂದ ದಿನವೇ ಸಹಿ ಮಾಡಿ, ರಾಜೀನಾಮೆ ಸಲ್ಲಿಸುತ್ತೇನೆ.

ಕೊನೆಯ ವಾಕ್ಯ ಸುಮ್ಮನೆ ಹಾಕಿದ್ದಲ್ಲ. ಅವರಿಗೆ ಬೇಕಾದದ್ದು ನೀವು ಬೇಗ ಸೇರುವುದು. ಪತ್ರ ತಡವಾದಷ್ಟೂ ನಿಮ್ಮ ನೋಟಿಸ್ ಶುರುವಾಗುವುದೂ ತಡ ಎಂದು ಆ ಒಂದೇ ವಾಕ್ಯ ತಿಳಿಸುತ್ತದೆ, ಒರಟಾಗಿ ಏನೂ ಹೇಳಬೇಕಾಗಿಲ್ಲ. ‘ನಾನಾಗಿ ಬಿಟ್ಟರೆ’ ಎಂಬ ಮಾತನ್ನೂ ಗಮನಿಸಿ. ಕಂಪನಿಯೇ ತೆಗೆದರೆ ವಾಪಸಾತಿ ಇಲ್ಲ ಎಂಬುದನ್ನು ಅದು ಸದ್ದಿಲ್ಲದೆ ಹೇಳುತ್ತದೆ.

ಮೇಲ್ ಕಳಿಸುವಾಗ ಆಫರ್ ಲೆಟರ್ ಬಂದ ಮೇಲ್‌ಗೇ ಉತ್ತರವಾಗಿ ಕಳಿಸಿ, ಆಗ ಹಳೆಯ ಅಂಕಿ ಮತ್ತು ಹೊಸ ಅಂಕಿ ಒಂದೇ ಸರಣಿಯಲ್ಲಿ ಇರುತ್ತವೆ. ನಿಮ್ಮ ಸ್ವಂತ ಮೇಲ್ ವಿಳಾಸದಿಂದ ಕಳಿಸಿ. ಈಗಿನ ಕಂಪನಿಯ ವಿಳಾಸ ಕೊನೆಯ ದಿನ ಸಂಜೆಗೆ ಮುಚ್ಚಿಹೋಗುತ್ತದೆ, ಜೊತೆಗೆ ನಿಮ್ಮ ಸಾಕ್ಷಿಯೂ. ಕನ್ಸಲ್ಟೆನ್ಸಿಯವರ ಮೂಲಕ ಬಂದ ಕೆಲಸವಾದರೆ ಅವರ ‘ಓಕೆ’ಯನ್ನು ನಂಬಿ ಕೂರಬೇಡಿ. ಕಂಪನಿಯ ಪರವಾಗಿ ಸಂಬಳ ಒಪ್ಪುವ ಅಧಿಕಾರ ಅವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕಂಪನಿಯ ಅಧಿಕೃತ ವಿಳಾಸದಿಂದಲೇ ಉತ್ತರ ಬರಬೇಕು.

ಉತ್ತರವನ್ನು ಓದುವುದೂ ಒಂದು ಕೆಲಸ. ‘ಖಚಿತಪಡಿಸಿದ್ದೇವೆ, ತಿದ್ದಿದ ಪತ್ರ ಲಗತ್ತಿಸಿದೆ’ ಎಂದರೆ ಮುಗಿಯಿತು. ‘ನೋಟೆಡ್’ ಎಂದರೆ ಓದಿದ್ದಾರೆ ಎಂದಷ್ಟೇ ಅರ್ಥ. ‘ಕಂಪನಿ ಪಾಲಿಸಿಯಂತೆ’ ಎಂದು ಬಂದರೆ ನೀವು ಕೇಳಿ ಪಡೆದ ವಿನಾಯಿತಿ, ಅಂದರೆ ಆ 52,000, ಹಿಂದೆ ಹೋಗುತ್ತಿದೆ ಎಂದು ತಿಳಿಯಿರಿ. ಆಗ ಇಡೀ ಪಟ್ಟಿ ಮತ್ತೆ ಎಳೆಯಬೇಡಿ. ‘ವೇರಿಯಬಲ್ ಈ ವರ್ಷ ದಿನದ ಲೆಕ್ಕದಲ್ಲಿ ಎಂಬ ಒಂದು ಅಂಶವನ್ನು ದಯವಿಟ್ಟು ಖಚಿತಪಡಿಸಿ’ ಎಂದು ಅದೊಂದನ್ನೇ ಕೇಳಿ. ಎರಡು ಕೆಲಸದ ದಿನ ಕಳೆದರೂ ಉತ್ತರವಿಲ್ಲದಿದ್ದರೆ ಫೋನ್ ಮಾಡಿ. ಅವರು ಸುಮ್ಮನಿದ್ದಾರೆ ಎಂದರೆ ಒಪ್ಪಿದ್ದಾರೆ ಎಂದು ಲೆಕ್ಕ ಹಾಕಬೇಡಿ.

ಎಲ್ಲ ಸರಿಯಾಗಿದ್ದೂ ಕೈ ತಪ್ಪುವ ಜಾಗ ಇನ್ನೊಂದಿದೆ. ಎಷ್ಟೋ ಆಫರ್ ಲೆಟರ್‌ಗಳ ಕೊನೆಯ ಪುಟದಲ್ಲಿ, ‘ಈ ಪತ್ರವೇ ಸಂಪೂರ್ಣ ಒಪ್ಪಂದ, ಇದಕ್ಕೆ ಹಿಂದಿನ ಎಲ್ಲ ಮಾತು ಮತ್ತು ಬರಹಗಳು ರದ್ದು’ ಎಂಬ ಅರ್ಥದ ಕಲಂ ಇರುತ್ತದೆ. ಅದಕ್ಕೆ ಸಹಿ ಹಾಕಿದಿರಿ ಎಂದರೆ ನಿಮ್ಮ ಅಷ್ಟು ಚೆಂದದ ಮೇಲ್ ಕೂಡ ಆ ‘ಹಿಂದಿನ ಬರಹ’ದಲ್ಲೇ ಸೇರಿತು. ಆದ್ದರಿಂದ ಎಚ್‌ಆರ್ ಮೇಲ್‌ನಲ್ಲಿ ಒಪ್ಪಿದ್ದಾರೆ ಎಂದು ನೆಮ್ಮದಿಯಾಗಬೇಡಿ, ಪ್ರತಿ ಬಾಬ್ತೂ ಪತ್ರದೊಳಗೆ ಅಥವಾ ಅದರ ಸಂಬಳದ ಅನುಬಂಧದೊಳಗೆ ಬಂದಿದೆಯೇ ಎಂದು ಬೆರಳಿಟ್ಟು ನೋಡಿ. ಅನುಬಂಧದಲ್ಲಿ ಬೇಸಿಕ್, ಎಚ್‌ಆರ್‌ಎ ಸರಿಯಾಗಿಯೇ ಬರುತ್ತವೆ. ಬೋನಸ್ಸಿನ ಪ್ರಮಾಣದ ಮಾತು, ಬೈಔಟ್‌ನ ಮಿತಿ, ವೇರಿಯಬಲ್‌ನ ದಿನದ ಲೆಕ್ಕ, ಈ ಮೂರು ಬಿಟ್ಟುಹೋಗುತ್ತವೆ, ಏಕೆಂದರೆ ಪತ್ರದ ಸಿದ್ಧ ಮಾದರಿಯಲ್ಲಿ ಅವಕ್ಕೆ ಜಾಗವೇ ಇರುವುದಿಲ್ಲ. ‘ಮಾದರಿ ಬದಲಿಸಲಾಗದು’ ಎಂದರೆ ಸಹಿ ಇರುವ ಒಂದು ಪುಟದ ಪೂರಕ ಪತ್ರ ಕೇಳಿ. ಅದರ ತಾರೀಕು ಆಫರ್ ಲೆಟರ್‌ನದ್ದೇ ಅಥವಾ ಅದರ ನಂತರದ್ದೇ ಇರಬೇಕು. ಪೋರ್ಟಲ್‌ನಲ್ಲಿ ಒಪ್ಪಿಗೆಯ ಬಟನ್ ಒತ್ತುವ ಪದ್ಧತಿ ಇದ್ದರೆ, ‘ಈಗ ಒತ್ತಿಬಿಡಿ, ಅಂಕಿ ಆಮೇಲೆ ಅಪ್ಡೇಟ್ ಮಾಡ್ತೇವೆ’ ಎಂಬುದಕ್ಕೆ ಒಪ್ಪಬೇಡಿ. ಅಲ್ಲಿ ಕಾಣುವ ಪಿಡಿಎಫ್ ಹಳೆಯದಾದರೆ ನೀವು ಒಪ್ಪಿದ್ದು 9,60,000ಕ್ಕೆ.

ಆಗಸ್ಟ್ 6ಕ್ಕೆ ಸರಿಯಾದ ಪತ್ರ ಬಂತು ಎನ್ನೋಣ. ಆಗ ಎರಡನೆಯ ಮೇಲ್ ಮೂರೇ ಸಾಲು: ಆಗಸ್ಟ್ 6ರ ತಾರೀಕಿನ ಆಫರ್ ಲೆಟರ್ ಮತ್ತು ಅದರ ಅನುಬಂಧದಲ್ಲಿರುವ ಎಲ್ಲ ಷರತ್ತುಗಳಿಗೆ ಒಪ್ಪಿದ್ದೇನೆ, ಸಹಿ ಮಾಡಿದ ಪ್ರತಿ ಲಗತ್ತಿಸಿದೆ, ಅಕ್ಟೋಬರ್ 6ರಂದು ಮಂಗಳೂರು ಕಚೇರಿಯಲ್ಲಿ ಹಾಜರಾಗುತ್ತೇನೆ. ‘ಆದರೆ’, ‘ಇನ್ನೊಂದು ವಿಷಯ’ ಎಂಬುದು ಇದರಲ್ಲಿ ಬರಬಾರದು. ಒಪ್ಪಿಗೆಯಲ್ಲಿ ಹೊಸ ಬೇಡಿಕೆ ಸೇರಿತೆಂದರೆ ಅದು ಒಪ್ಪಿಗೆಯಾಗಿ ಉಳಿಯುವುದಿಲ್ಲ. ಇಡೀ ಸರಣಿಯನ್ನು ಪಿಡಿಎಫ್ ಮಾಡಿ, ತಾರೀಕು ಮತ್ತು ವಿಳಾಸಗಳು ಕಾಣುವಂತೆ ಇಟ್ಟುಕೊಳ್ಳಿ.

ಅದನ್ನು ಮತ್ತೆ ತೆರೆಯುವುದು ಮೊದಲ ಪೇಸ್ಲಿಪ್ ಬಂದ ದಿನ. ಅಕ್ಟೋಬರ್ 6ರಿಂದ 31ರವರೆಗೆ 26 ದಿನ. ಅವಳ ಗ್ರಾಸ್ 77,036.50ರ 31ರಲ್ಲಿ 26 ಪಾಲು, ಅಂದರೆ 64,611 ರೂಪಾಯಿಯ ಹತ್ತಿರ ಇರಬೇಕು. ಅದರ ಜೊತೆಗೆ ಪ್ರತ್ಯೇಕ ಸಾಲಿನಲ್ಲಿ ಜಾಯ್ನಿಂಗ್ ಬೋನಸ್ 60,000 ಕಾಣಬೇಕು. ಪಿಎಫ್ ಸಾಲಿನಲ್ಲಿ 1,800ಕ್ಕಿಂತ ಹೆಚ್ಚು ಕಂಡರೆ ಪೂರ್ತಿ ಬೇಸಿಕ್ ಮೇಲೆ ಹಿಡಿದಿದ್ದಾರೆ ಎಂದು ತಿಳಿಯಿರಿ, ಅದೇ ದಿನ ಬರೆಯಿರಿ. ಒಮ್ಮೆ ಪಿಎಫ್ ಖಾತೆಗೆ ಕಟ್ಟಿ ಹೋದ ಹಣವನ್ನು ಹಿಂದಕ್ಕೆ ತರಿಸುವುದು ತಿಂಗಳುಗಟ್ಟಲೆಯ ಕೆಲಸ, ಮುಂದಿನ ತಿಂಗಳಿನಿಂದ ಸರಿಪಡಿಸುವುದು ಸುಲಭ. ಪೇರೋಲ್‌ನವರು ಹೆಚ್ಚಾಗಿ ತಿಂಗಳ ಇಪ್ಪತ್ತನೇ ತಾರೀಕಿನ ಆಚೆ ಈಚೆ ಲೆಕ್ಕ ಮುಚ್ಚುತ್ತಾರೆ, ಅದರೊಳಗೆ ನಿಮ್ಮ ಮೇಲ್ ಅವರಿಗೆ ಮುಟ್ಟಿರಬೇಕು. ಆ ಮೇಲ್‌ನಲ್ಲಿ ವಾದ ಬೇಡ. ಅನುಬಂಧದ ಪುಟವನ್ನು ಲಗತ್ತಿಸಿ, ಯಾವ ಸಾಲು ಎಂದು ಗುರುತು ಮಾಡಿ ಕಳಿಸಿ.